ಮೊದಲು ನಿಯಮಾವಳಿ, ಆಮೇಲೆ ಕ್ಯಾಮೆರಾ

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ 'ಲಾ ಸಿನೆಫ್' ವಿಭಾಗದ ಮೊದಲ ಬಹುಮಾನ ಕನ್ನಡದ ಕಿರುಚಿತ್ರವೊಂದಕ್ಕೆ ಬಂತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ವಿದ್ಯಾರ್ಥಿ ಚಿದಾನಂದ ಎಸ್. ನಾಯ್ಕ್ ಮಾಡಿದ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಆ ಚಿತ್ರ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದದ್ದರಿಂದ ಸೂರ್ಯನೇ ಹುಟ್ಟದೆ ಹೋಗುವ ಜನಪದ ಕಥೆ. ಚಿತ್ರದ ಅವಧಿ ಸುಮಾರು 16 ನಿಮಿಷ. ಅದೇ ಕಾನ್ ಉತ್ಸವದ ಇನ್ನೊಂದು ವಿಭಾಗವಾದ ಕಿರುಚಿತ್ರ ಸ್ಪರ್ಧೆಗೆ ಹೋಗಬೇಕಾದರೆ ಹೆಸರುಗಳ ಪಟ್ಟಿಯೂ ಸೇರಿ ಚಿತ್ರ 15 ನಿಮಿಷ ಮೀರುವಂತಿಲ್ಲ. ಫಿಲ್ಮ್ ಶಾಲೆಗಳ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್‌ನಲ್ಲಿ ಆ ಮಿತಿ ಇಲ್ಲ. ಒಂದೇ ಉತ್ಸವ, ಒಂದೇ ಊರು, ಆದರೆ ಬಾಗಿಲಿಗೊಂದು ನಿಯಮ.

ಅವಧಿಯ ನಿಯಮ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನು ಮೂರು ಸಂಗತಿಗಳಿರುತ್ತವೆ. ಸೆಕೆಂಡಿಗೆ ಎಷ್ಟು ಫ್ರೇಮ್, ಚಿತ್ರದ ಅಗಲ ಎತ್ತರಗಳ ಅನುಪಾತ ಎಷ್ಟು, ಕೊಡಬೇಕಾದ ಫೈಲ್ ಯಾವ ಬಗೆಯದು. ಬಹಳಷ್ಟು ತಂಡಗಳು ಇದನ್ನು ಓದುವುದು ಚಿತ್ರ ಆಯ್ಕೆಯಾಯಿತೆಂಬ ಮೇಲ್ ಬಂದ ಮೇಲೆ. ಅಷ್ಟು ಹೊತ್ತಿಗೆ ಈ ಮೂರರಲ್ಲಿ ಒಂದನ್ನು ಮಾತ್ರ ಸಲೀಸಾಗಿ ಬದಲಿಸಬಹುದು. ಇನ್ನೊಂದನ್ನು ಅರ್ಧಂಬರ್ಧ ಸರಿಪಡಿಸಬಹುದು. ಮತ್ತೊಂದನ್ನು ಮುಟ್ಟಿದರೆ ಚಿತ್ರಕ್ಕೇ ಪೆಟ್ಟು. ಯಾವುದು ಯಾವುದು ಎಂದು ತಿಳಿಯಲು ಒಂದು ಚಿತ್ರವನ್ನು ಕಲ್ಪಿಸಿಕೊಂಡು, ಅದನ್ನು ಕೈಹಿಡಿದು ಥಿಯೇಟರಿನ ಪರದೆಯವರೆಗೆ ನಡೆಸಿ ನೋಡೋಣ.

ನಮ್ಮ ಉದಾಹರಣೆಯ ಚಿತ್ರ

ಗೆಳೆಯರ ತಂಡವೊಂದು ಮಾಡಿದ ಕನ್ನಡ ಕಿರುಚಿತ್ರ. ಅವಧಿ 14 ನಿಮಿಷ 30 ಸೆಕೆಂಡು. ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾದಲ್ಲಿ ಅದರ ಮಾಮೂಲು ಸೆಟ್ಟಿಂಗ್‌ನಲ್ಲೇ, ಅಂದರೆ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಚಿತ್ರೀಕರಣವಾಗಿದೆ. ದೊಡ್ಡ ಸಿನಿಮಾದ ಕಳೆ ಬರಲೆಂದು ಎಡಿಟಿಂಗ್‌ನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿದ್ದಾರೆ. ಕೆಳಗಿನ ಪಟ್ಟಿಯ ಮೇಲೆ ಇಂಗ್ಲಿಷ್ ಸಬ್‌ಟೈಟಲ್ ಅಂಟಿಸಿದ್ದಾರೆ. ಕೊನೆಗೆ ಎಲ್ಲವನ್ನೂ ಒಂದು ಎಂಪಿ4 ಫೈಲ್ ಮಾಡಿ ಇಟ್ಟುಕೊಂಡಿದ್ದಾರೆ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ, ಯೂಟ್ಯೂಬಿನಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ.

ಈ ತಂಡದ ಕಣ್ಣು ಆಸ್ಕರ್ ಮೇಲೂ ಇದೆ ಎಂದಿಟ್ಟುಕೊಳ್ಳಿ. ಅದು ಹುಚ್ಚು ಕನಸೇನಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಆಸ್ಕರ್‌ಗೆ ಅರ್ಹತೆ ಕೊಡುವ ಉತ್ಸವಗಳ ಪಟ್ಟಿಯಲ್ಲಿದೆ. ಅಲ್ಲಿ ಅರ್ಹತೆ ತಂದುಕೊಡುವ ಪ್ರಶಸ್ತಿ ಗೆದ್ದ ಚಿತ್ರ ಅಕಾಡೆಮಿಗೆ ಅರ್ಜಿ ಹಾಕಬಹುದು. ಥಿಯೇಟರ್ ಪ್ರತಿಯ ಬಗ್ಗೆ ಅಕಾಡೆಮಿಯ ನಿಯಮ ನೇರವಾಗಿದೆ. ಅವಧಿ ಹೆಸರುಗಳೂ ಸೇರಿ 40 ನಿಮಿಷ ಮೀರಬಾರದು. ಡಿಜಿಟಲ್ ಆದರೆ ಸೆಕೆಂಡಿಗೆ 24 ಅಥವಾ 48 ಫ್ರೇಮ್, ಪ್ರೋಗ್ರೆಸಿವ್ ಸ್ಕ್ಯಾನ್, ಪ್ರೊಜೆಕ್ಟರಿನ ರೆಸಲ್ಯೂಷನ್ ಕನಿಷ್ಠ 2048×1080. 25 ಎಂಬ ಸಂಖ್ಯೆ ಅಲ್ಲಿಲ್ಲ.

24, 25, 30: ಯಾಕೆ ಇಷ್ಟೊಂದು?

ಸಿನಿಮಾಕ್ಕೆ ಮಾತು ಬಂದಾಗ ಫಿಲ್ಮು ಒಂದೇ ವೇಗದಲ್ಲಿ ಓಡಲೇಬೇಕಾಯಿತು. ವೇಗ ಹೆಚ್ಚುಕಡಿಮೆಯಾದರೆ ದನಿಯೂ ಏರಿಳಿಯುತ್ತದೆ. ಆಗ ನೆಲೆನಿಂತದ್ದು ಸೆಕೆಂಡಿಗೆ 24 ಫ್ರೇಮ್. ಥಿಯೇಟರುಗಳು ಡಿಜಿಟಲ್ ಆದಾಗ ಹಾಲಿವುಡ್ ಸ್ಟುಡಿಯೋಗಳು ಸೇರಿ 2005ರಲ್ಲಿ ಹೊರತಂದ ಡಿಸಿಐ ಮಾನದಂಡವೂ ಅದೇ 24ನ್ನು ಮುಂದುವರಿಸಿತು, ಜೊತೆಗೆ 48ನ್ನು ಸೇರಿಸಿತು.

25 ಬಂದದ್ದು ಟೀವಿಯಿಂದ. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್, ಅದರ ಅರ್ಧ 25. ಯುರೋಪು ಮತ್ತು ಭಾರತದ ದೂರದರ್ಶನ ಈ ಲೆಕ್ಕದಲ್ಲೇ ಬೆಳೆದವು. ಅಮೆರಿಕದ ಕರೆಂಟು 60 ಹರ್ಟ್ಸ್, ಅಲ್ಲಿಯ ಟೀವಿ 30. ಬಣ್ಣದ ಟೀವಿ ಬಂದಾಗ ತಾಂತ್ರಿಕ ಕಾರಣಕ್ಕೆ ಆ 30 ತುಸು ಇಳಿದು 29.97 ಆಯಿತು. ಅದೇ ಪ್ರಮಾಣದಲ್ಲಿ ಇಳಿದ 24 ಈಗ 23.976 ಎಂಬ ಹೆಸರಿನಲ್ಲಿ ನಮ್ಮ ಕ್ಯಾಮೆರಾಗಳೊಳಗೆ ಕೂತಿದೆ. ಭಾರತದಲ್ಲಿ ಮಾರಾಟವಾಗುವ ಕೆಲವು ಕ್ಯಾಮೆರಾಗಳು ಪಾಲ್ ಸೆಟ್ಟಿಂಗ್‌ನಲ್ಲಿರುತ್ತವೆ. ಮೆನುವಿನಲ್ಲಿ 25, 50 ಬಿಟ್ಟರೆ 24 ಕಾಣುವುದೇ ಇಲ್ಲ. ಅದನ್ನು ಎನ್‌ಟಿಎಸ್‌ಸಿಗೆ ತಿರುಗಿಸಿದರೆ 24 ಹೊರಬರುತ್ತದೆ. ಬಹಳ ಸಲ ಅದು ನಿಜವಾಗಿ 23.976.

ಈಗ ನಮ್ಮ ಚಿತ್ರಕ್ಕೆ ಬರೋಣ. 25 ಇರುವುದನ್ನು 24 ಮಾಡಬೇಕು. ದಾರಿ ಎರಡು.

ಒಂದು, ಪ್ರತಿ ಸೆಕೆಂಡಿಗೂ ಒಂದು ಫ್ರೇಮ್ ಕಿತ್ತುಹಾಕುವುದು. ಅವಧಿ ಬದಲಾಗುವುದಿಲ್ಲ, ಧ್ವನಿಯನ್ನು ಮುಟ್ಟಬೇಕಿಲ್ಲ. ಆದರೆ ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗುವ ಶಾಟ್‌ನಲ್ಲಿ ಸೆಕೆಂಡಿಗೊಮ್ಮೆ ಚಿತ್ರ ಚಂಗನೆ ಹಾರಿದಂತೆ ಕಾಣುತ್ತದೆ. ಫೋನಿನಲ್ಲಿ ಗೊತ್ತಾಗದ ಈ ಎಗರು 40 ಅಡಿ ಪರದೆಯ ಮೇಲೆ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು, ಇರುವ ಎಲ್ಲ ಫ್ರೇಮ್‌ಗಳನ್ನೂ ಉಳಿಸಿಕೊಂಡು ಸ್ವಲ್ಪ ನಿಧಾನವಾಗಿ ಓಡಿಸುವುದು. ಚಿತ್ರ ನುಣುಪಾಗಿಯೇ ಇರುತ್ತದೆ. ವೃತ್ತಿಯವರು ಆರಿಸಿಕೊಳ್ಳುವುದು ಇದನ್ನೇ. ಆದರೆ ಇದಕ್ಕೂ ಬೆಲೆ ತೆರಬೇಕು. 14 ನಿಮಿಷ 30 ಸೆಕೆಂಡು ಎಂದರೆ 870 ಸೆಕೆಂಡು. ಅದನ್ನು 25ರಿಂದ ಗುಣಿಸಿದರೆ 21,750 ಫ್ರೇಮ್. ಅಷ್ಟನ್ನೂ ಸೆಕೆಂಡಿಗೆ 24ರಂತೆ ಓಡಿಸಿದರೆ 906 ಸೆಕೆಂಡು, ಅಂದರೆ 15 ನಿಮಿಷ 6 ಸೆಕೆಂಡು. ಅಕಾಡೆಮಿಯ 40 ನಿಮಿಷದ ಮಿತಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ 15 ನಿಮಿಷದ ಮಿತಿಯಿರುವ ಸ್ಪರ್ಧೆಗೆ 24 ಫ್ರೇಮ್‌ನ ಪ್ರತಿಯನ್ನೇ ಕಳಿಸಬೇಕಾಗಿ ಬಂದರೆ, ನಿನ್ನೆಯವರೆಗೆ ಅರ್ಧ ನಿಮಿಷ ಒಳಗಿದ್ದ ಚಿತ್ರ ಇಂದು ಆರು ಸೆಕೆಂಡು ಹೊರಗೆ. ಒಂದೇ ಒಂದು ದೃಶ್ಯವನ್ನೂ ಸೇರಿಸದೆ ಚಿತ್ರ ಉದ್ದವಾಯಿತು. 25ರಲ್ಲಿ ಎಡಿಟ್ ಮಾಡುವವರು 15 ನಿಮಿಷದ ಮಿತಿಯನ್ನು 14 ನಿಮಿಷ 24 ಸೆಕೆಂಡು ಎಂದೇ ಓದಿಕೊಳ್ಳಬೇಕು.

ಧ್ವನಿಯ ಕಥೆ ಬೇರೆ. ಚಿತ್ರದ ಜೊತೆ ಅದನ್ನೂ ಶೇಕಡ 4ರಷ್ಟು ನಿಧಾನ ಮಾಡಿದರೆ ಶ್ರುತಿ ಇಳಿಯುತ್ತದೆ. ಇಳಿಯುವುದು ಒಂದು ಸ್ವರಸ್ಥಾನದ ಮುಕ್ಕಾಲಿಗೆ ಹತ್ತಿರ. ಮಾತು ಕೇಳುವವರಿಗೆ ನಟನ ಗಂಟಲು ತುಸು ದಪ್ಪಗಾಗಿದೆ ಅನ್ನಿಸಬಹುದು, ಅಷ್ಟೆ. ಹಿನ್ನೆಲೆಯಲ್ಲಿ ತಂಬೂರಿ ಇದ್ದರೆ ಅಥವಾ ಯಾರಾದರೂ ಹಾಡಿದ್ದರೆ ಸಂಗೀತ ಬಲ್ಲ ಕಿವಿ ತಕ್ಷಣ ಹಿಡಿಯುತ್ತದೆ. ಶ್ರುತಿ ಕೆಡದಂತೆ ಧ್ವನಿಯನ್ನು ಮಾತ್ರ ಹಿಗ್ಗಿಸುವ ಸೌಲಭ್ಯ ಈಗಿನ ಸೌಂಡ್ ಸಾಫ್ಟ್‌ವೇರ್‌ಗಳಲ್ಲಿದೆ. ಅದನ್ನು ಸೌಂಡ್ ಮಿಕ್ಸ್ ಮಾಡಿದವರ ಕೈಯಲ್ಲೇ ಮಾಡಿಸುವುದು ಲೇಸು. ಸಬ್‌ಟೈಟಲ್‌ಗಳೂ ಜೊತೆಗೆ ಜರುಗಬೇಕು. ಮೊದಲು 10ನೇ ನಿಮಿಷಕ್ಕೆ ಸರಿಯಾಗಿ ಬರುತ್ತಿದ್ದ ಸಾಲು ಈಗ 10 ನಿಮಿಷ 25 ಸೆಕೆಂಡಿಗೆ ಬರಬೇಕು. ಹಳೆಯ ಸಬ್‌ಟೈಟಲ್ ಫೈಲನ್ನೇ ಜೋಡಿಸಿದರೆ ಪಾತ್ರ ಬಾಯಿ ತೆರೆಯುವ ಮೊದಲೇ ಅದರ ಮಾತು ಪರದೆಯ ಮೇಲೆ ಬಂದಿರುತ್ತದೆ.

ಫೋನಿನಲ್ಲಿ ಚಿತ್ರೀಕರಿಸುವವರ ಪಾಡು ಇದಕ್ಕಿಂತ ಕಷ್ಟ. ಫೋನುಗಳ ಮಾಮೂಲು ವೇಗ 30. ಅದನ್ನು 24ರ ವೇಗದಲ್ಲಿ ನಿಧಾನವಾಗಿ ಓಡಿಸಿದರೆ ಅವಧಿ ಕಾಲುಭಾಗ ಹಿಗ್ಗುತ್ತದೆ, ಮಾತಿನ ದೃಶ್ಯಕ್ಕೆ ಅದು ಆಗದ ಮಾತು. ಹಾಗಾಗಿ ಐದು ಫ್ರೇಮ್‌ಗೆ ಒಂದನ್ನು ಕೀಳಬೇಕು, ಸೆಕೆಂಡಿಗೆ ಆರು ಎಗರು. ಇರುವ ಎರಡು ಫ್ರೇಮ್‌ಗಳ ನಡುವೆ ಏನಿದ್ದೀತು ಎಂದು ಊಹಿಸಿ ಹೊಸ ಫ್ರೇಮ್ ಕಟ್ಟುವ ಸಾಫ್ಟ್‌ವೇರ್‌ಗಳೂ ಇವೆ. ನಡೆಯುವವರ ಕಾಲು, ಬೀಸುವ ಕೈಗಳ ಅಂಚಿನಲ್ಲಿ ಅವು ಚಿತ್ರವನ್ನು ಕಲಸಿಬಿಡುತ್ತವೆ. ಸಾಲದ್ದಕ್ಕೆ ಫೋನು ಬೆಳಕು ನೋಡಿಕೊಂಡು ವೇಗವನ್ನು ಆಗಾಗ ತಾನೇ ಬದಲಿಸುತ್ತದೆ. ಇಂಥ ಏರಿಳಿತದ ಫೈಲನ್ನು ಟೈಮ್‌ಲೈನಿಗೆ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಪರಿಹಾರ ಸುಲಭ, ಆದರೆ ಅದು ಚಿತ್ರೀಕರಣಕ್ಕೆ ಮೊದಲೇ ಆಗಬೇಕು. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 24 ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿಕೊಂಡು ವೇಗವನ್ನು 24ಕ್ಕೆ ಬಿಗಿಮಾಡಿ. ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಬೇಕು. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆದ್ದರಿಂದ 24 ಫ್ರೇಮ್‌ನಲ್ಲಿ ಶೂಟ್ ಮಾಡುವಾಗ ಶಟರನ್ನು 1/50 ಸೆಕೆಂಡಿಗೆ ಇಡಬೇಕು. ಕ್ಯಾಮೆರಾ ಡಿಗ್ರಿಯಲ್ಲಿ ಕೇಳಿದರೆ 172.8. ಹೀಗೆ ಮಾಡಿದರೆ ಗೋಡೆಯ ಮೇಲೆ ತೇಲಾಡುವ ಕಪ್ಪು ಪಟ್ಟೆಗಳು ಬರುವುದಿಲ್ಲ. ಒಂದು ಕಾಲದಲ್ಲಿ ನಮ್ಮಲ್ಲಿ 25ನ್ನು ಆರಿಸಲು ಈ ಮಿನುಗೇ ಕಾರಣವಾಗಿತ್ತು. ಶಟರ್ ಸರಿಯಿದ್ದರೆ ಆ ಕಾರಣ ಈಗ ಉಳಿದಿಲ್ಲ.

23.976ರಲ್ಲಿ ಚಿತ್ರೀಕರಿಸಿದ್ದರೆ ಹೆದರಬೇಕಿಲ್ಲ. ಎಡಿಟಿಂಗ್ ಟೈಮ್‌ಲೈನನ್ನೂ 23.976ರಲ್ಲೇ ಇಟ್ಟು, ಥಿಯೇಟರ್ ಪ್ರತಿ ಮಾಡುವಾಗ ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ 24ಕ್ಕೆ ಏರಿಸಿದರಾಯಿತು. ವ್ಯತ್ಯಾಸ ಸಾವಿರಕ್ಕೆ ಒಂದು, ಯಾರ ಕಿವಿಗೂ ತಿಳಿಯದು. ಎಡವಟ್ಟಾಗುವುದು ಚಿತ್ರವನ್ನು ಮಾತ್ರ ಏರಿಸಿ ಧ್ವನಿಯನ್ನು ಹಾಗೇ ಬಿಟ್ಟಾಗ. 15 ನಿಮಿಷದ ಕೊನೆಗೆ ಅಂತರ 0.9 ಸೆಕೆಂಡು, ಅಂದರೆ ಹೆಚ್ಚುಕಡಿಮೆ 22 ಫ್ರೇಮ್. ತುಟಿಗೂ ಮಾತಿಗೂ ಮೂರು ಫ್ರೇಮ್ ತಪ್ಪಿದರೇ ಪ್ರೇಕ್ಷಕರಿಗೆ ಕಿರಿಕಿರಿ ಶುರುವಾಗುತ್ತದೆ.

ಈ ರೋಗದ ಗುರುತು ನೆನಪಿಡಬೇಕಾದದ್ದು. ಮೊದಲ ದೃಶ್ಯದಲ್ಲಿ ಮಾತು ಸರಿಯಿದ್ದು, ಹೋಗುತ್ತ ಹೋಗುತ್ತ ತಪ್ಪುತ್ತಿದ್ದರೆ ತೊಂದರೆ ಫ್ರೇಮ್ ರೇಟಿನದು. ಮೊದಲಿನಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಧ್ವನಿಯನ್ನು ಟೈಮ್‌ಲೈನಿನಲ್ಲಿ ತಪ್ಪು ಜಾಗಕ್ಕೆ ಇಡಲಾಗಿದೆ ಎಂದರ್ಥ. ಎರಡನೆಯದು ನಿಮಿಷದ ಕೆಲಸ, ಮೊದಲನೆಯದು ಮರುಕೆಲಸ.

ಅನುಮಾನವಿದ್ದರೆ ಉಚಿತವಾಗಿ ಸಿಗುವ ಮೀಡಿಯಾಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ನೋಡಿ. ಈ ಮೂರು ಸಾಲುಗಳು ಹೀಗಿರಬೇಕು:

```
Frame rate mode : Constant
Frame rate      : 24.000 FPS
Scan type       : Progressive
```

ಮೊದಲ ಸಾಲಿನಲ್ಲಿ `Variable` ಎಂದಿದ್ದರೆ ಅದು ಫೋನಿನ ಏರಿಳಿತದ ಫೈಲ್. ಎಡಿಟಿಂಗ್‌ಗೆ ಕೂರುವ ಮುನ್ನವೇ ಅದನ್ನು ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರ್‌ನಲ್ಲಿ ಒಂದೇ ವೇಗಕ್ಕೆ ತಂದುಕೊಳ್ಳಬೇಕು. ಮೂರನೆಯದರಲ್ಲಿ `Interlaced` ಎಂದಿದ್ದರೆ ಅದು ಹಳೆಯ ಟೀವಿ ಪದ್ಧತಿ. ಓಡುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಬರುತ್ತವೆ, ಅಕಾಡೆಮಿಯ ನಿಯಮಕ್ಕೂ ಅದು ಹೊಂದುವುದಿಲ್ಲ.

ಕಪ್ಪು ಪಟ್ಟಿಯ ಮೋಸ

ಇನ್ನು ಅಗಲ ಎತ್ತರದ ಮಾತು. ನಮ್ಮ ಟೀವಿ, ಲ್ಯಾಪ್‌ಟಾಪುಗಳು 16:9. ಎತ್ತರ ಒಂದಾದರೆ ಅಗಲ 1.78. ಥಿಯೇಟರಿಗೆ ಈ ಅನುಪಾತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡು. ಒಂದು ಫ್ಲಾಟ್, ಅನುಪಾತ 1.85, ಅಳತೆ 1998×1080 ಪಿಕ್ಸೆಲ್. ಇನ್ನೊಂದು ಸ್ಕೋಪ್, ಅನುಪಾತ 2.39, ಅಳತೆ 2048×858. 1977ರ 'ಸೊಸೆ ತಂದ ಸೌಭಾಗ್ಯ'ದಿಂದ ಕನ್ನಡ ಪ್ರೇಕ್ಷಕರು ನೋಡುತ್ತ ಬಂದಿರುವ ಸಿನಿಮಾಸ್ಕೋಪಿನ ಇಂದಿನ ಡಿಜಿಟಲ್ ರೂಪವೇ ಈ ಎರಡನೆಯದು. ಆಪರೇಟರು ಫ್ಲಾಟ್ ಅಥವಾ ಸ್ಕೋಪ್ ಎಂಬ ಗುಂಡಿ ಒತ್ತಿದಾಗ ಪ್ರೊಜೆಕ್ಟರಿನ ಲೆನ್ಸು ಜರುಗುತ್ತದೆ. ಅನುಕೂಲವಿರುವ ಹಾಲುಗಳಲ್ಲಿ ಪರದೆಯ ಅಂಚಿನ ಕಪ್ಪು ಬಟ್ಟೆಯೂ ಸರಿದು ಚಿತ್ರದ ಅಳತೆಗೆ ನಿಲ್ಲುತ್ತದೆ.

ನಮ್ಮ ಉದಾಹರಣೆಯ ಚಿತ್ರದ ಫೈಲ್ 1920×1080. ಆದರೆ ಮೇಲೆ 138, ಕೆಳಗೆ 138 ಪಿಕ್ಸೆಲ್ ಕಪ್ಪು ಪಟ್ಟಿ. ನಡುವಿನ ನಿಜವಾದ ಚಿತ್ರ 1920×804, ಅಂದರೆ ಸ್ಕೋಪ್ ಅನುಪಾತವೇ. ಫೈಲ್ 16:9 ಇದೆಯಲ್ಲ ಎಂದು ಇದನ್ನು ಫ್ಲಾಟ್ ಚೌಕಟ್ಟಿಗೆ ಹಾಕಿದರೆ ಏನಾಗುತ್ತದೆ? ಮೇಲೆ ಕೆಳಗೆ ಮೊದಲೇ ಕಪ್ಪು. ಈಗ 1998ಕ್ಕೂ 1920ಕ್ಕೂ ಇರುವ ವ್ಯತ್ಯಾಸದಿಂದ ಎಡಬಲದಲ್ಲೂ ತಲಾ 39 ಪಿಕ್ಸೆಲ್ ಕಪ್ಪು. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಪರದೆಯ ಮಧ್ಯೆ ಅಂಟಿಸಿದ ಅಂಚೆಚೀಟಿಯ ಹಾಗೆ ಕೂರುತ್ತದೆ. ಅಗಲ ಪರದೆಯ ಹಾಲಿನಲ್ಲಂತೂ ಫ್ಲಾಟ್ ಚಿತ್ರಕ್ಕೆ ಪರದೆಯ ಪೂರ್ತಿ ಅಗಲ ಸಿಗುವುದೇ ಇಲ್ಲ. ದೊಡ್ಡದಾಗಿ ಕಾಣಲೆಂದು ಹಾಕಿದ ಪಟ್ಟಿಯೇ ಚಿತ್ರವನ್ನು ಸಣ್ಣದು ಮಾಡಿತು.

ಸರಿಯಾದ ದಾರಿ ಎಂದರೆ ಆ ಪಟ್ಟಿಗಳನ್ನು ಕತ್ತರಿಸಿ, ಉಳಿದ 1920×804ನ್ನು 2048×858ಕ್ಕೆ ಹಿಗ್ಗಿಸಿ ಸ್ಕೋಪ್ ಪ್ರತಿ ಮಾಡುವುದು. ಎರಡೂ ದಿಕ್ಕಿನಲ್ಲಿ ಹಿಗ್ಗುವುದು ಒಂದೇ ಪ್ರಮಾಣದಲ್ಲಿ, ಸುಮಾರು ಶೇಕಡ 7. ಮುಖ ಉದ್ದವಾಗುವುದಿಲ್ಲ, ಅಗಲವಾಗುವುದಿಲ್ಲ. ಇಲ್ಲೇ ತಂಡಕ್ಕೆ ಎರಡನೆಯ ಆಘಾತ. ಇಂಗ್ಲಿಷ್ ಸಬ್‌ಟೈಟಲ್ ಇದ್ದದ್ದು ಕೆಳಗಿನ ಕಪ್ಪು ಪಟ್ಟಿಯ ಮೇಲೆ. ಪಟ್ಟಿ ಹೋದರೆ ಸಬ್‌ಟೈಟಲೂ ಹೋಯಿತು. ಎಡಿಟಿಂಗ್ ಪ್ರಾಜೆಕ್ಟ್ ಉಳಿದಿದ್ದರೆ ಪಟ್ಟಿ, ಅಕ್ಷರ ಎರಡೂ ಇಲ್ಲದ ಪ್ರತಿಯನ್ನು ಮತ್ತೆ ಹೊರತೆಗೆಯಬಹುದು. ಅಂಟಿಸಿದ ಎಂಪಿ4 ಮಾತ್ರ ಉಳಿದಿದ್ದರೆ ಸಬ್‌ಟೈಟಲನ್ನು ಹೊಸದಾಗಿ ಕೂರಿಸಬೇಕು. ಅದಕ್ಕೇ ಅನುಭವಿಗಳು ಸಬ್‌ಟೈಟಲನ್ನು ಯಾವತ್ತೂ ಬೇರೆ ಫೈಲಾಗಿ ಇಟ್ಟುಕೊಳ್ಳುತ್ತಾರೆ ಮತ್ತು ಸಾಲುಗಳನ್ನು ಚಿತ್ರದ ಒಳಗೇ ಕೂರಿಸುತ್ತಾರೆ.

ಪಟ್ಟಿ ಹಾಕದೆ ನೇರ 16:9ರಲ್ಲಿ ಮಾಡಿದ ಚಿತ್ರವಾದರೆ ಚಿಂತೆಯಿಲ್ಲ. ಅದನ್ನು ಫ್ಲಾಟ್ ಚೌಕಟ್ಟಿನಲ್ಲಿ ಇಟ್ಟು ಎಡಬಲದ 39 ಪಿಕ್ಸೆಲ್ ಕಪ್ಪನ್ನು ಹಾಗೇ ಬಿಡಿ. ಕತ್ತಲ ಹಾಲಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಆ ಸಣ್ಣ ಅಂಚನ್ನೂ ತುಂಬಬೇಕೆಂದು ಚಿತ್ರವನ್ನು ಅಡ್ಡಕ್ಕೆ ಮಾತ್ರ ಎಳೆಯಬಾರದು. ಎಳೆದಿದ್ದಾರೋ ಇಲ್ಲವೋ ಎಂದು ತಿಳಿಯಲು ಚಿತ್ರದಲ್ಲಿ ದುಂಡಗಿರುವ ಏನನ್ನಾದರೂ ನೋಡಿ. ಗೋಡೆ ಗಡಿಯಾರ, ಸ್ಟೀಲ್ ತಟ್ಟೆ, ಹಣೆಯ ಕುಂಕುಮ. ದುಂಡಗೆ ಇದ್ದದ್ದು ಮೊಟ್ಟೆಯಾಗಿದ್ದರೆ ಎಲ್ಲೋ ಅಳತೆ ತಪ್ಪಿದೆ.

ಸ್ಕೋಪ್ ಬೇಕೇ ಬೇಕು ಎನ್ನುವವರು ಅದನ್ನು ಚಿತ್ರೀಕರಣದಲ್ಲೇ ನಿರ್ಧರಿಸಬೇಕು. ಬಹಳಷ್ಟು ಕ್ಯಾಮೆರಾಗಳಲ್ಲಿ 2.39ರ ಗೆರೆಯನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯ ಇರುತ್ತದೆ. ಆ ಗೆರೆಯ ಒಳಗೇ ತಲೆ, ಕೈ, ಬಾಗಿಲು ಎಲ್ಲ ಬರುವಂತೆ ಫ್ರೇಮ್ ಇಟ್ಟಿದ್ದರೆ ಕತ್ತರಿಸಿದಾಗ ನಷ್ಟವಿಲ್ಲ. ಇಡೀ 16:9ಕ್ಕೆ ಫ್ರೇಮ್ ಇಟ್ಟು ಆಮೇಲೆ ಪಟ್ಟಿ ಹಾಕಿದರೆ ಎತ್ತರದ ಕಾಲುಭಾಗ ಹೋಗುತ್ತದೆ. ನೆತ್ತಿ ಕತ್ತರಿಸಿದ ಮುಖಗಳು ಉಳಿಯುತ್ತವೆ.

ಮೂರು ಫೈಲ್, ಮೂರು ಕೆಲಸ

ಕೊನೆಯದು ಫೈಲ್. ಉತ್ಸವಕ್ಕೆ ಚಿತ್ರ ಕಳಿಸುವುದು ಎರಡು ಹಂತದಲ್ಲಿ. ಮೊದಲು ಆಯ್ಕೆ ಸಮಿತಿ ನೋಡಲು ಒಂದು ಪ್ರತಿ. ಆಯ್ಕೆಯಾದ ಮೇಲೆ ಥಿಯೇಟರಿನಲ್ಲಿ ತೋರಿಸಲು ಇನ್ನೊಂದು. ಇವೆರಡನ್ನೂ ಹೆರುವ ಮೂಲ ಪ್ರತಿ ಮೂರನೆಯದು, ಅದು ತಂಡದ ಬಳಿಯೇ ಇರಬೇಕು.

ಸಮಿತಿಯ ಪ್ರತಿಗೆ ಎಚ್.264 ಎಂಬ ಪದ್ಧತಿಯಲ್ಲಿ ಅಡಕ ಮಾಡಿದ 1080ಪಿ ಎಂಪಿ4 ಸಾಕು. ಸೆಕೆಂಡಿಗೆ 10 ಮೆಗಾಬಿಟ್ ಇಟ್ಟರೆ ನಮ್ಮ ಚಿತ್ರ ಸುಮಾರು 1.1 ಜಿಬಿ ಆಗುತ್ತದೆ. ನೆಟ್‌ನಲ್ಲಿ ಏರಿಸಲು ಕಷ್ಟವಿಲ್ಲ. ಆದರೆ ಈ ಅಡಕ ನಡೆಯುವುದು ಹಿಂದಿನ ಫ್ರೇಮಿನಿಂದ ಬದಲಾದದ್ದನ್ನು ಮಾತ್ರ ಬರೆದಿಟ್ಟುಕೊಂಡು, ಉಳಿದದ್ದನ್ನು ಬಿಟ್ಟು. ಬಿಟ್ಟದ್ದು ಮತ್ತೆ ಬರುವುದಿಲ್ಲ. ಸಂಜೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಬಣ್ಣ, ಕತ್ತಲ ದೃಶ್ಯದಲ್ಲಿ ಕುಣಿಯುವ ಚೌಕಗಳು ಇದರ ಫಲ.

ಮೂಲ ಪ್ರತಿ ಪ್ರೋರೆಸ್ 422 ಎಚ್‌ಕ್ಯೂನಲ್ಲಿರಲಿ, ವಿಂಡೋಸ್ ಬಳಸುವವರಿಗೆ ಡಿಎನ್‌ಎಕ್ಸ್‌ಎಚ್‌ಆರ್ ಇದೆ. 1080ಪಿ, 24 ಫ್ರೇಮ್‌ನಲ್ಲಿ ಪ್ರೋರೆಸ್ ಎಚ್‌ಕ್ಯೂ ಸೆಕೆಂಡಿಗೆ ಸುಮಾರು 176 ಮೆಗಾಬಿಟ್ ತಿನ್ನುತ್ತದೆ. ನಮ್ಮ 15 ನಿಮಿಷ 6 ಸೆಕೆಂಡಿನ ಚಿತ್ರಕ್ಕೆ 20 ಜಿಬಿ ಹತ್ತಿರ. ಗಾತ್ರ ನೋಡಿ ಗಾಬರಿಯಾಗಿ ಎಂಪಿ4 ಒಂದನ್ನೇ ಉಳಿಸಿಕೊಂಡು ಪ್ರಾಜೆಕ್ಟ್ ಅಳಿಸಿಹಾಕುವವರಿದ್ದಾರೆ. ಆ ಎಂಪಿ4ನಿಂದಲೇ ಮುಂದೆ ಥಿಯೇಟರ್ ಪ್ರತಿ ಮಾಡಿದರೆ ಒಳಗಿನ ಕುಣಿಯುವ ಚೌಕಗಳೂ ದೊಡ್ಡ ಪರದೆಗೆ ಬರುತ್ತವೆ. ಫೈಲಿನ ಹೆಸರಿನ ಕೊನೆಯಲ್ಲಿ `.mov` ಎಂದಿದ್ದ ಮಾತ್ರಕ್ಕೆ ಅದು ಪ್ರೋರೆಸ್ ಆಗುವುದಿಲ್ಲ. ಅದು ಹೊರಗಿನ ಹೊದಿಕೆ ಮಾತ್ರ. ಒಳಗಿರುವುದು ಏನೆಂದು ಮೀಡಿಯಾಇನ್ಫೋದಲ್ಲಿ `Format` ಸಾಲು ಹೇಳುತ್ತದೆ.

ಥಿಯೇಟರ್ ಪ್ರತಿಯ ಹೆಸರು ಡಿಸಿಪಿ. ಇದು ಒಂದು ಫೈಲಲ್ಲ, ಒಂದು ಫೋಲ್ಡರು. ಚಿತ್ರದ ಪ್ರತಿ ಫ್ರೇಮನ್ನೂ ಬಿಡಿಬಿಡಿಯಾಗಿ ಜೆಪೆಗ್ 2000 ಪದ್ಧತಿಯಲ್ಲಿ ಬರೆದಿರುತ್ತಾರೆ. ಒಂದು ಫ್ರೇಮ್ ಇನ್ನೊಂದನ್ನು ಆಧರಿಸುವುದಿಲ್ಲ. ಧ್ವನಿ ಅಡಕ ಮಾಡದ 24 ಬಿಟ್, 48 ಕಿಲೋಹರ್ಟ್ಸ್. ಚಿತ್ರದ ವೇಗ ಸೆಕೆಂಡಿಗೆ 250 ಮೆಗಾಬಿಟ್ ಮೀರುವಂತಿಲ್ಲ. ಹಾಗಾಗಿ ನಮ್ಮ ಚಿತ್ರ ಎಷ್ಟೇ ಉಬ್ಬಿದರೂ 29 ಜಿಬಿ ಒಳಗೆ. ಫೋಲ್ಡರಿನಲ್ಲಿ ಚಿತ್ರ ಮತ್ತು ಧ್ವನಿಯ ಎಂಎಕ್ಸ್‌ಎಫ್ ಫೈಲುಗಳ ಜೊತೆ `ASSETMAP` ಮುಂತಾದ ಪಟ್ಟಿಗಳಿರುತ್ತವೆ. ಯಾವ ಫೈಲ್ ಎಲ್ಲಿದೆ, ಅದು ಸಾಗಣೆಯಲ್ಲಿ ಕೆಟ್ಟಿಲ್ಲವಷ್ಟೆ ಎಂಬ ಲೆಕ್ಕ ಅವುಗಳಲ್ಲಿದೆ. ಒಳಗಿನ ಒಂದು ಫೈಲಿನ ಹೆಸರನ್ನು 'ಫೈನಲ್' ಎಂದು ಬದಲಿಸಿದರೂ ಥಿಯೇಟರಿನ ಸರ್ವರ್ ಚಿತ್ರವನ್ನು ಗುರುತಿಸದೆ ಕೈಚೆಲ್ಲುತ್ತದೆ.

ಡಿಸಿಪಿಯನ್ನು ಸ್ಟುಡಿಯೋದಲ್ಲಿ ಮಾಡಿಸಬಹುದು. ಮನೆಯಲ್ಲೇ ಮಾಡಲು ಡಿಸಿಪಿ-ಒ-ಮ್ಯಾಟಿಕ್ ಎಂಬ ಸಾಫ್ಟ್‌ವೇರ್ ಇದೆ, ಹಣ ಕೊಡಬೇಕಿಲ್ಲ. ನಮ್ಮ ಚಿತ್ರಕ್ಕೆ ಅದರಲ್ಲಿ ಆರಿಸಬೇಕಾದದ್ದು ಇಷ್ಟು: ಚೌಕಟ್ಟು ಸ್ಕೋಪ್, ರೆಸಲ್ಯೂಷನ್ 2ಕೆ, ವೇಗ 24, ಪದ್ಧತಿ ಎಸ್‌ಎಂಪಿಟಿಇ, ಎನ್‌ಕ್ರಿಪ್ಷನ್ ಬೇಡ. 25ರ ಫೈಲನ್ನು ಕೊಟ್ಟು 24 ಕೇಳಿದರೆ ಚಿತ್ರ ಶೇಕಡ 96ರ ವೇಗದಲ್ಲಿ ಓಡುತ್ತದೆ ಎಂದು ಅದೇ ತಿಳಿಸುತ್ತದೆ. ಆ ಸೂಚನೆಯನ್ನು ಓದದೆ ಮುಂದೆ ಹೋಗಬೇಡಿ, ಶ್ರುತಿ ಇಳಿಯುವುದು ಅಲ್ಲೇ. ಎನ್‌ಕ್ರಿಪ್ಷನ್ ಹಾಕಿದರೆ ಪ್ರತಿ ಥಿಯೇಟರಿಗೂ, ಪ್ರತಿ ವೇಳೆಗೂ ಬೇರೆ ಕೀಲಿ ಕಳಿಸಬೇಕಾಗುತ್ತದೆ. ಕೀಲಿಯ ವೇಳೆ ಮೀರಿದರೆ ಪ್ರದರ್ಶನ ನಿಂತೇ ಹೋಗುತ್ತದೆ. ಕಿರುಚಿತ್ರಕ್ಕೆ ಆ ತಲೆನೋವು ಯಾಕೆ?

25 ಫ್ರೇಮ್‌ನ ಡಿಸಿಪಿ ಮಾಡಲು ಸಾಧ್ಯವೇ ಇಲ್ಲವೆಂದಲ್ಲ. ಎಸ್‌ಎಂಪಿಟಿಇ ಪದ್ಧತಿಯಲ್ಲಿ 25, 30 ಎರಡಕ್ಕೂ ಅವಕಾಶವಿದೆ. ಇಂಟರಾಪ್ ಎಂಬ ಹಳೆಯ ಪದ್ಧತಿ 24 ಮತ್ತು 48ಕ್ಕೆ ಸೀಮಿತ. ಉತ್ಸವದ ನಿಯಮದಲ್ಲಿ 25 ಒಪ್ಪಿಗೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಎಸ್‌ಎಂಪಿಟಿಇಯಲ್ಲಿ ಹಾಗೇ ಕೊಡಿ. ಚಿತ್ರಕ್ಕೂ ಧ್ವನಿಗೂ ಏನೂ ಆಗುವುದಿಲ್ಲ. ಬರೆದಿಲ್ಲದಿದ್ದರೆ ಮೇಲ್ ಮಾಡಿ ಕೇಳಿ. ಎಲ್ಲ ಹಾಲಿನಲ್ಲೂ ನಡೆಯುವುದು 24 ಒಂದೇ.

ಧ್ವನಿಯಲ್ಲಿ ಇನ್ನೊಂದು ಹಳ್ಳವಿದೆ. ಲ್ಯಾಪ್‌ಟಾಪಿಗೆ ಮಾಡಿದ ಎರಡು ಚಾನಲ್ಲಿನ ಸ್ಟೀರಿಯೋದಲ್ಲಿ ಮಾತು ಎಡ, ಬಲ ಎರಡು ಸ್ಪೀಕರಿನಿಂದಲೂ ಬರುತ್ತದೆ. ಥಿಯೇಟರಿನ ಎಡಗಡೆ ಕೂತವರಿಗೆ ಮಾತು ನಟನ ಬಾಯಿಂದಲ್ಲ, ಎಡ ಗೋಡೆಯಿಂದ ಬಂದಂತೆ ಕೇಳಿಸುತ್ತದೆ. ಮಾತನ್ನು ಪರದೆಯ ಹಿಂದಿನ ಮಧ್ಯದ ಸ್ಪೀಕರಿಗೆ ಕೊಡಬೇಕು. ಅಕಾಡೆಮಿ ಕೂಡ ಮೋನೊ ಅಲ್ಲದ ಚಿತ್ರಕ್ಕೆ ಎಡ, ಮಧ್ಯ, ಬಲ ಎಂಬ ಮೂರು ಚಾನಲ್ ಕನಿಷ್ಠವೆಂದು ಕೇಳುತ್ತದೆ.

ಸಿದ್ಧವಾದ ಫೋಲ್ಡರನ್ನು ಯಾವುದೋ ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಅದೂ ತಕರಾರು ಮಾಡೀತು. ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ನಮ್ಮ ಚಿತ್ರದ ಎಂಎಕ್ಸ್‌ಎಫ್ ಅದಕ್ಕಿಂತ ದೊಡ್ಡದು. ಥಿಯೇಟರಿನ ಸರ್ವರ್‌ಗಳು ಲಿನಕ್ಸ್ ಮೇಲೆ ನಡೆಯುವುದರಿಂದ ಅವಕ್ಕೆ ಒಗ್ಗುವುದು ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3. ಉತ್ಸವದವರು ಯಾವುದನ್ನು ಕೇಳಿದ್ದಾರೆ ಎಂದು ನೋಡಿ ಅದನ್ನೇ ಕೊಡಿ. ಕೊಡುವ ಮುನ್ನ ಪರಿಚಯದ ಥಿಯೇಟರಿನವರನ್ನು ಕೇಳಿಕೊಂಡು, ಬೆಳಗಿನ ಆಟಕ್ಕೆ ಮೊದಲು ಚಿತ್ರವನ್ನು ಒಮ್ಮೆ ಓಡಿಸಿ ನೋಡಿ. ಪೂರ್ತಿ ನೋಡಲು ಬಿಡದಿದ್ದರೆ ಮೂರು ತುಣುಕು ಸಾಕು. ಮೊದಲ ಮಾತು, ಕೊನೆಯ ಮಾತು, ಕ್ಯಾಮೆರಾ ನಿಧಾನವಾಗಿ ತಿರುಗುವ ಒಂದು ಶಾಟ್. ತುಟಿ ತಪ್ಪಿದೆಯೇ, ಚಿತ್ರ ಎಗರುತ್ತಿದೆಯೇ, ಅಂಚು ಸರಿಯಿದೆಯೇ, ಸಬ್‌ಟೈಟಲ್ ಇದೆಯೇ ಎಂಬುದೆಲ್ಲ ಇಷ್ಟರಲ್ಲಿ ಗೊತ್ತಾಗುತ್ತದೆ.

ಈಗ ಲೆಕ್ಕ ಸ್ಪಷ್ಟ. ಫೈಲಿನ ಬಗೆಯನ್ನು ಮೂಲ ಪ್ರತಿ ಕೈಯಲ್ಲಿದ್ದರೆ ಕಳಿಸುವ ಹಿಂದಿನ ದಿನವೂ ಬದಲಿಸಬಹುದು. ಅನುಪಾತವನ್ನು, ಫ್ರೇಮ್ ಇಟ್ಟವರು ಮುಂದಾಲೋಚನೆ ಮಾಡಿದ್ದರೆ, ಎಡಿಟಿಂಗ್‌ನಲ್ಲಿ ತಿದ್ದಬಹುದು. ಫ್ರೇಮ್ ರೇಟ್ ಮಾತ್ರ ಕ್ಯಾಮೆರಾದ ಗುಂಡಿ ಒತ್ತಿದ ಕ್ಷಣಕ್ಕೇ ತೀರ್ಮಾನವಾಗುತ್ತದೆ. ಕಿರುಚಿತ್ರ ಮಾಡಲು ಹೊರಟವರು ಕಳಿಸಬೇಕೆಂದಿರುವ ಎರಡು ಮೂರು ಉತ್ಸವಗಳ ತಾಂತ್ರಿಕ ನಿಯಮಗಳನ್ನು ಸ್ಕ್ರಿಪ್ಟ್ ಓದುವ ದಿನವೇ ತೆಗೆದು ಓದಿ, ಅವುಗಳಲ್ಲಿ ಅತಿ ಬಿಗಿಯಾದದ್ದನ್ನು ಹಿಡಿದು ಕೆಲಸ ಶುರುಮಾಡಿ. ಬಿಗಿಯಾದ ನಿಯಮಕ್ಕೆ ಒಪ್ಪುವ ಚಿತ್ರ ಸಡಿಲ ನಿಯಮದ ಉತ್ಸವಕ್ಕೂ ಒಪ್ಪುತ್ತದೆ. ಯಾವ ಉತ್ಸವ ಎಂದು ಇನ್ನೂ ಗೊತ್ತಿಲ್ಲದಿದ್ದರೆ 24 ಫ್ರೇಮ್, 1/50 ಶಟರ್, ಪಟ್ಟಿಯಿಲ್ಲದ ಚಿತ್ರ, ಬೇರೆ ಫೈಲಿನಲ್ಲಿ ಸಬ್‌ಟೈಟಲ್. ಇಷ್ಟಿದ್ದರೆ ಯಾವ ಬಾಗಿಲಿಗೆ ಹೋದರೂ ಚಿತ್ರ ತಾಂತ್ರಿಕ ಕಾರಣಕ್ಕೆ ವಾಪಸ್ ಬರುವ ಸಂಭವ ತೀರ ಕಡಿಮೆ.